ಕಲಬುರಗಿಯಿಂದ ಬೀದರ್ ಬ್ರಾಂಚಿಗೆ ಹೊಂಟ ಮಾಲು ಹುಮನಾಬಾದ್‌ದಾಗ ಇಳಿಸಿದ್ರ ಯಾವ ಕಾಗದ ಬೇಕು?

ಪೈಪ್ ಅಂಗಡಿ ಕಲಬುರಗಿ
ಎಲ್ಲರಿಗೂ ನಮಸ್ಕಾರ್ರಿ. ನಮ್ಮದು ಪಿವಿಸಿ ಪೈಪು, ಫಿಟ್ಟಿಂಗ್ಸ್ ವ್ಯಾಪಾರ. ಮೇನ್ ಅಂಗಡಿ ಕಲಬುರಗಿ, ಬ್ರಾಂಚ್ ಬೀದರ್. ಎರಡಕ್ಕೂ ಒಂದೇ ಜಿಎಸ್‌ಟಿ ನಂಬರ್. ಬೀದರ್ ಅಂಗಡಿ ರಿಜಿಸ್ಟ್ರೇಷನ್‌ದಾಗ ಹೆಚ್ಚುವರಿ ಜಾಗ ಅಂತ ಸೇರಿಸೇವಿ. ಬ್ರಾಂಚಿಗೆ ಮಾಲು ಕಳಿಸುವಾಗ ಡೆಲಿವರಿ ಚಲಾನ್ ಹಾಕಿ, ಇ-ವೇ ಬಿಲ್ ತೆಗದು ಟೆಂಪೊ ಬಿಡ್ತೀವಿ. ಇಲ್ಲೀತನಕ ತಕರಾರು ಬಂದಿಲ್ಲ.

ಹೋದ ವಾರ 200 ಲೆಂತ್ ಪೈಪು ಬೀದರ್‌ಗೆ ಹೊಂಟಿತ್ತು. ಟೆಂಪೊ ಕಮಲಾಪುರ ದಾಟಿದ ಮ್ಯಾಲ ಹುಮನಾಬಾದ್ ಕಂಟ್ರಾಕ್ಟರ್ ಒಬ್ಬರು ಫೋನ್ ಮಾಡಿ, 50 ಲೆಂತ್ ಈಗೇ ಬೇಕು, ದಾರ್ಯಾಗೇ ಅದ, ಇಳಿಸಿ ಹೋಗ್ರಿ ಅಂದ್ರು. ನಮ್ಮ ಅಣ್ಣ ಇಳಿಸು ಅಂದ. ಡ್ರೈವರ್ ಮಾತ್ರ "ಕಾಗದದಾಗ ಬೀದರ್ ಅಂತ ಬರದದ, 200 ಅಂತ ಬರದದ, ನಾ ಇಳಸಂಗಿಲ್ಲ" ಅಂದ. ಪೂರಾ ಮಾಲು ಬೀದರ್‌ಗೆ ಹೋಯ್ತು, ಮರುದಿನ ಅದೇ 50 ಲೆಂತ್ ತಿರುಗಿ ಹುಮನಾಬಾದ್‌ಗೆ ಬಂತು. ಗಿರಾಕಿಗೂ ಬ್ಯಾಸರ, ನಮಗೂ ಡೀಸೆಲ್ ಖರ್ಚು.

ಡ್ರೈವರ್ ಹೇಳಿದ್ದು ಖರೇನಾ? ಇಂಥ ಹೊತ್ತಿನ್ಯಾಗ ಏನ್ ಮಾಡಬೇಕು, ಬಲ್ಲವರು ಹೇಳ್ರಿ.

ಹುಮನಾಬಾದ್ ರಸ್ತೆ
ಏನೂ ಬೇಕಾಗಿಲ್ರಿ. ರಾಜ್ಯ ಒಂದೇ, ಜಿಎಸ್‌ಟಿ ನಂಬರ್ ಒಂದೇ, ಇ-ವೇ ಬಿಲ್ ಅದ. ಮಾಲು ಇಳಿಸಿ, ಅಂಗಡ್ಯಾಗ ಸಂಜಿಗೆ ಬಿಲ್ ಹರೀರಿ. ತೆರಿಗಿ ತುಂಬೇ ತುಂಬ್ತೀರಿ, ಮತ್ತ ಯಾರ್ ಏನ್ ಕೇಳ್ತಾರ? ಡ್ರೈವರ್ ಸುಮ್ನ ಹೆದರ್ಯಾನ.

ಗಂಜ್ ಟ್ಯಾಕ್ಸ್ ಕೆಲಸ
ಡ್ರೈವರ್ ಹೇಳಿದ್ದೇ ಸರಿ. ಹುಮನಾಬಾದ್ ರಸ್ತೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ: ಒಂದೇ ರಾಜ್ಯ, ಒಂದೇ ನಂಬರ್ ಇದ್ದಾಗ ಬ್ರಾಂಚಿಗೆ ಮಾಲು ಕಳಿಸೋದು ಮಾರಾಟ ಅಲ್ಲ, ತೆರಿಗೆ ಇಲ್ಲ, ಚಲಾನ್ ಸಾಕು. ಉಳಿದರ್ಧ ತಪ್ಪು. ನಿಯಮ 55ರ ಆ ಚಲಾನ್ ಹೇಳೋದು "ಈ ಮಾಲು ಮಾರಾಟಕ್ಕಲ್ಲದೆ ಬೇರೆ ಕಾರಣಕ್ಕೆ ಹೋಗ್ತಿದೆ" ಅಂತ. ಹುಮನಾಬಾದ್‌ನಲ್ಲಿ ಗಿರಾಕಿಗೆ ಇಳಿಸಿದ ಕ್ಷಣ ಆ 50 ಲೆಂತ್‌ಗೆ ಆ ಮಾತು ಸುಳ್ಳಾಗುತ್ತೆ. ಅದು ಮಾರಾಟ, ಅದಕ್ಕೆ ಟ್ಯಾಕ್ಸ್ ಇನ್‌ವಾಯ್ಸ್ ಬೇಕು. ಸಂಜೆಗೆ ಹರಿದ ಬಿಲ್ ಮಧ್ಯಾಹ್ನ ನಿಂತ ಟೆಂಪೊದಲ್ಲಿ ಇರೋದಿಲ್ಲ.

ಇನ್ನೊಂದು ತೊಡಕು: ಇ-ವೇ ಬಿಲ್ ಒಮ್ಮೆ ತೆಗೆದರೆ ಅದರ ಮೊದಲ ಭಾಗ, ಅಂದರೆ ಯಾರಿಗೆ, ಏನು, ಎಷ್ಟು ಅನ್ನೋದನ್ನ ತಿದ್ದಕ್ಕೆ ಬರಲ್ಲ. ಬದಲಾಯಿಸಕ್ಕೆ ಬರೋದು ಪಾರ್ಟ್-ಬಿ, ಅಂದರೆ ಗಾಡಿ ನಂಬರ್ ಮಾತ್ರ. 24 ತಾಸಿನೊಳಗೆ ರದ್ದು ಮಾಡಬಹುದು, ಆದರೆ ಅದು ಮಾಲು ಹೊರಡದೇ ಇದ್ದಾಗ, ಇಲ್ಲಾ ಬರೆದಂತೆ ಸಾಗದೇ ಇದ್ದಾಗ. ನಡುದಾರಿಯಲ್ಲಿ 200 ಅನ್ನು 150 ಮಾಡೋ ದಾರಿ ಪೋರ್ಟಲ್‌ನಲ್ಲಿ ಇಲ್ಲ.

ಹುಮನಾಬಾದ್ ರಸ್ತೆ
"ಬರೆದಂತೆ ಸಾಗದೇ ಇದ್ದಾಗ" ಅಂತ ನೀವೇ ಅಂದ್ರಿ. 50 ಲೆಂತ್ ಇಳಿಸಿದ್ರ ಬರದಂಗ ಸಾಗಲಿಲ್ಲಲ್ರೀ! ಹಳೇದು ರದ್ದು ಮಾಡಿ ಎರಡು ಹೊಸಾ ತೆಗೀರಿ. ಮೊಬೈಲ್‌ದಾಗೇ ಆಗ್ತದ.

ಗಂಜ್ ಟ್ಯಾಕ್ಸ್ ಕೆಲಸ
ಗಾಡಿ ರಸ್ತೆ ಮೇಲಿರುವಾಗ ಹಳೇದನ್ನ ರದ್ದು ಮಾಡಿದರೆ, ಹೊಸದು ಬರುವವರೆಗೆ ಅದು ಕಾಗದವಿಲ್ಲದ ಗಾಡಿ. ನಿಯಮ 138 ಕೇಳೋದು ಸಾಗಾಟ ಶುರುವಾಗೋ *ಮೊದಲು* ಇ-ವೇ ಬಿಲ್ ಇರಬೇಕು ಅಂತ. ಇನ್ನೊಂದು, ದಾರಿಯಲ್ಲಿ ಅಧಿಕಾರಿ ಒಮ್ಮೆ ತಪಾಸಣೆ ಮಾಡಿ ಪರಿಶೀಲಿಸಿದ ಇ-ವೇ ಬಿಲ್ ಆಮೇಲೆ ರದ್ದಾಗಲ್ಲ. ಹಾಗಾಗಿ ನಾನು ಯಾರಿಗೂ ಈ ದಾರಿ ಹೇಳಲ್ಲ.

ಜಹೀರಾಬಾದ್ ಗಡಿ
ನಮ್ದೂ ಇದೇ ಪ್ರಶ್ನೆ. ಬೀದರ್‌ದಾಗ ಅಂಗಡಿ, ಜಹೀರಾಬಾದ್‌ದಾಗ ಗೋದಾಮು. ಮಾಲಕ್ರು ಒಬ್ಬರೇ, ಪ್ಯಾನ್ ಒಂದೇ. ಚಲಾನ್ ಮ್ಯಾಲ ಕಳಸ್ತೀವಿ. ಅದು ನಡೀತದಲ್ಲ?

ಗಂಜ್ ಟ್ಯಾಕ್ಸ್ ಕೆಲಸ
ನಡೆಯಲ್ಲ. ನಿಮ್ಮದು ಬೇರೆ ಪ್ರಶ್ನೆ. ಜಹೀರಾಬಾದ್ ತೆಲಂಗಾಣ. ಅಲ್ಲಿ ಬೇರೆ ಜಿಎಸ್‌ಟಿ ನಂಬರ್ ಬೇಕು, ಪ್ಯಾನ್ ಒಂದೇ ಆದರೂ ಕಾನೂನಿನ ಕಣ್ಣಿಗೆ ಎರಡು ಬೇರೆ ವ್ಯಕ್ತಿಗಳು. ರೊಕ್ಕ ಕೈ ಬದಲಾಗದಿದ್ದರೂ ಅದು ಮಾರಾಟದ ಲೆಕ್ಕ. ಐಜಿಎಸ್‌ಟಿ ಹಾಕಿ ಟ್ಯಾಕ್ಸ್ ಇನ್‌ವಾಯ್ಸ್ ಕೊಡಬೇಕು, ಆ ಕಡೆ ಕ್ರೆಡಿಟ್ ತಗೋಬೇಕು. ಬೀದರಿನಿಂದ ಜಹೀರಾಬಾದ್ ಹತ್ತಿರ, ಕಲಬುರಗಿ ದೂರ, ಆದರೆ ಕಾಗದ ನೋಡೋದು ಗಡಿಯನ್ನ. ಇದನ್ನ ಬೇಗ ಸರಿಮಾಡಿಕೊಳ್ಳಿ.

ದಾಲ್ ಮಿಲ್ ಮುನೀಮ
ನಮ್ಮ ಕಡೆ ಈ ತ್ರಾಸೇ ಇಲ್ರಿ. ತೊಗರಿ ಬ್ಯಾಳಿ ಲಾರಿ ತುಂಬಿಸ್ತೀವಿ, ಇ-ವೇ ಬಿಲ್ ಇಲ್ಲದೇ ಹೋಗ್ತದ. ನೀವು ಪೈಪ್‌ನವರು ಸುಮ್ನ ಹೆದರ್ತೀರಿ.

ಯಾದಗಿರಿ ಅಕೌಂಟ್ಸ್ ಅಕ್ಕ
ಮುನೀಮ ಅಣ್ಣಾ, ನಿಮ್ಮ ಬ್ಯಾಳಿಗೆ ತೆರಿಗೆ ಇಲ್ಲ, ಅದಕ್ಕ ಇ-ವೇ ಬಿಲ್ ಇಲ್ಲ. ಪೈಪಿಗೆ 18% ಅದ. ಎರಡನ್ನೂ ಒಂದೇ ಮಾಡಬ್ಯಾಡ್ರಿ. ನಿಮ್ಮಲ್ಲೂ 50 ಕೆಜಿ ಚೀಲಕ್ಕ ಮಾತ್ರ ಆ ಮಾತು. ಲೇಬಲ್ ಹಚ್ಚಿ, ಪ್ಯಾಕ್ ಮಾಡಿ 25 ಕೆಜಿವರೆಗಿನ ಪಾಕೀಟು ಕಳಿಸಿದ್ರ 2022ರ ಜುಲೈ 18ರಿಂದ 5% ತೆರಿಗೆ, ಆವಾಗ 50,000 ದಾಟಿದ್ರ ಇ-ವೇ ಬಿಲ್ ಬೇಕೇ ಬೇಕು. ಒಂದೇ ಲಾರ್‍ಯಾಗ ಎರಡೂ ಥರದ ಮಾಲು ಹಾಕ್ತೀರಿ ಅಂತ ನನಗ ಗೊತ್ತದ, ನೋಡ್ಕೋರಿ.

ದಾಲ್ ಮಿಲ್ ಮುನೀಮ
ಪಾಕೀಟಿಗೆ ತೆಗೀತೀವ್ರಿ ಅಕ್ಕ. ನಾ ಹೇಳಿದ್ದು ಚೀಲದ ಮಾಲು. ಹಿಂಡಿಗೂ ಇಲ್ಲ ಅನ್ಕೊಂಡಿದ್ರು ಕೆಲವರು, ಎಣ್ಣಿ ತೆಗದ ಹಿಂಡಿಗೆ ಮಾತ್ರ ಆ ವಿನಾಯಿತಿ ಇಲ್ಲ. ಅದನ್ನೂ ಗಂಜ್‌ನ ಮಂದಿ ತಿಳ್ಕೊಳ್ಳಿ.

ಪೈಪ್ ಅಂಗಡಿ ಕಲಬುರಗಿ
ಬ್ಯಾಳಿ ಆಮ್ಯಾಲ ಮಾತಾಡೋಣ್ರಿ. ಗಂಜ್ ಸರ್, ಹಂಗಾದ್ರ ನಾ ಏನ್ ಮಾಡಬೇಕಿತ್ತು? ಲೆಕ್ಕ ಕೊಡ್ತೀನಿ. ಬ್ರಾಂಚ್ ಚಲಾನ್‌ದಾಗ ಒಂದು ಲೆಂತ್‌ಗೆ 900 ರೂಪಾಯಿ, 200ಕ್ಕ 1,80,000. ಕಂಟ್ರಾಕ್ಟರ್‌ಗೆ ಮಾರೋ ದರ 1,050, ತೆರಿಗಿ ಬ್ಯಾರೆ. ಅವರಿಗೆ ಜಿಎಸ್‌ಟಿ ನಂಬರ್ ಅದ.

ಗಂಜ್ ಟ್ಯಾಕ್ಸ್ ಕೆಲಸ
ಚೆನ್ನಾಗಿ ಕೊಟ್ಟಿದ್ದೀರಿ. ಮಾರಾಟದ್ದು ಮೊದಲು ನೋಡೋಣ: 50 ಲೆಂತ್ 1,050ರಂತೆ 52,500. ಮೇಲೆ 18% ಅಂದರೆ 9,450. ಒಟ್ಟು 61,950. ಇದು 50,000 ದಾಟಿತು, ಸ್ವಂತ ಇ-ವೇ ಬಿಲ್ ಬೇಕು. ಉಳಿದ 150 ಲೆಂತ್ 900ರಂತೆ 1,35,000, ಅದಕ್ಕೂ ಬೇಕು.

ಆರ್ಡರ್ ಗಾಡಿ ಹೊರಡೋಕೆ ಮೊದಲು ಬಂದಿದ್ದರೆ ಕೆಲಸ ಸುಲಭ. ಕಲಬುರಗಿಯಲ್ಲೇ ಎರಡು ಕಾಗದ: ಬೀದರ್ ಬ್ರಾಂಚಿಗೆ 150ರ ಚಲಾನ್, ಕಂಟ್ರಾಕ್ಟರ್ ಹೆಸರಿಗೆ 50ರ ಇನ್‌ವಾಯ್ಸ್. ಎರಡಕ್ಕೂ ಬೇರೆ ಬೇರೆ ಇ-ವೇ ಬಿಲ್, ಎರಡರಲ್ಲೂ ಅದೇ ಗಾಡಿ ನಂಬರ್. ಒಂದೇ ಟೆಂಪೊದಲ್ಲಿ ಹತ್ತು ಕಾಗದದ ಮಾಲು ಹೋಗಬಹುದು, ತಪ್ಪೇನಿಲ್ಲ. ನಿಮ್ಮ ವಹಿವಾಟು 5 ಕೋಟಿ ದಾಟಿದ್ದರೆ ಆ ಇನ್‌ವಾಯ್ಸ್‌ಗೆ ಐಆರ್‌ಎನ್ ಕೂಡ ಬೇಕು, ಚಲಾನ್‌ಗೆ ಅದು ಇಲ್ಲ.

ಗಾಡಿ ಹೊರಟ ಮೇಲೆ ಆರ್ಡರ್ ಬಂದರೆ, ಹೋದ ವಾರ ಆದದ್ದೇ ಚೊಕ್ಕ ದಾರಿ. ಬೀದರ್ ತಲುಪಿ, ಅಲ್ಲಿ ಸ್ಟಾಕ್ ಹಚ್ಚಿ, ಬೀದರಿನಿಂದ ರವಾನೆ ಅಂತ ಇನ್‌ವಾಯ್ಸ್ ಮತ್ತು ಇ-ವೇ ಬಿಲ್ ಮಾಡಿ ಹುಮನಾಬಾದ್‌ಗೆ ಕಳಿಸೋದು. ಡೀಸೆಲ್ ಖರ್ಚು ನಿಜ. ಆದರೆ ಬರೀ ಬ್ರಾಂಚ್ ಚಲಾನ್ ಇಟ್ಟುಕೊಂಡು ಗಿರಾಕಿ ಅಂಗಳದಲ್ಲಿ ಮಾಲು ಇಳಿಸುವಾಗ ಸಿಕ್ಕರೆ, ಕಲಂ 129ರಲ್ಲಿ ದಂಡ ತೆರಿಗೆಯ 200%. ನಿಮ್ಮ 50 ಲೆಂತ್‌ಗೆ 18,900 ರೂಪಾಯಿ. ಪೂರಾ ಲೋಡೇ ಕಾಗದಕ್ಕೆ ಹೊಂದಲ್ಲ ಅಂದರೆ ಅದಕ್ಕೂ ಹೆಚ್ಚು.

ಪೈಪ್ ಅಂಗಡಿ ಕಲಬುರಗಿ
ಒಂದು ಸಂಶಯ ಸರ್. 50,000 ಅನ್ನೋದು ತೆರಿಗಿ ಕೂಡಿಸಿಯೋ, ಬಿಟ್ಟೋ? ಬ್ರಾಂಚಿಗೆ ಸಣ್ಣ ಸಣ್ಣ ಲೋಡು ಹೋಗ್ತಿರ್ತಾವ.

ಯಾದಗಿರಿ ಅಕೌಂಟ್ಸ್ ಅಕ್ಕ
ಇದಕ್ಕ ನಾ ಹೇಳ್ತೀನಿ. ಕಾಗದದಾಗ ಹಾಕಿದ ತೆರಿಗೆ ಕೂಡಿಸಿ ನೋಡಬೇಕು. 48,000ದ ಪೈಪು ಗಿರಾಕಿಗೆ ಬಿಲ್ ಮಾಡಿದ್ರ 56,640 ಆಗ್ತದ, ಇ-ವೇ ಬಿಲ್ ಬೇಕು. ಅದೇ ಪೈಪು ನಿಮ್ಮ ಬೀದರ್ ಬ್ರಾಂಚಿಗೆ ಚಲಾನ್ ಮ್ಯಾಲ ಹೋದ್ರ ತೆರಿಗೆನೇ ಹಾಕಿಲ್ಲ, ಬೆಲೆ 48,000 ಅಷ್ಟೇ, ಬೇಡ. ಚಲಾನ್ ಮಾತ್ರ ಗಾಡ್ಯಾಗ ಇರಲೇಬೇಕು. ಬೆಲೆ ಸಣ್ಣದಾದ್ರ ಇ-ವೇ ಬಿಲ್ ತಪ್ತದ, ಚಲಾನ್ ತಪ್ಪಂಗಿಲ್ಲ.

ಆದ್ರ 1,80,000 ಲೋಡಿಗೆ ನಾಲ್ಕು ಚಲಾನ್ ಮಾಡಿ ಒಂದೊಂದನ್ನೂ 45,000ಕ್ಕ ಇಳಸೋದು ಬ್ಯಾಡ್ರಿ. ಒಂದೇ ಗಾಡಿ, ಒಂದೇ ದಿನ, ಒಂದೇ ಜಾಗಕ್ಕ ಸರಣಿ ನಂಬರಿನ ಚಲಾನ್ ನೋಡಿದವರಿಗೆ ಉದ್ದೇಶ ಗೊತ್ತಾಗ್ತದ.

ಹುಮನಾಬಾದ್ ರಸ್ತೆ
ನೀವೆಲ್ಲ ಒಂದು ಮರ್ತೀರಿ. ಪೋರ್ಟಲ್‌ದಾಗ `Line Sales` ಅಂತ ಒಂದು ಆಯ್ಕೆ ಅದ. ಬಿಸ್ಕೀಟು, ಸಾಬೂನು ಮಾರೋ ಗಾಡಿಯವರು ಅದನ್ನೇ ಹಾಕ್ತಾರ. ಅವರಿಗೆ ಮುಂಜಾನೆ ಗೋದಾಮ ಬಿಡುವಾಗ ಯಾವ ಊರಾಗ ಯಾರು ಎಷ್ಟು ತಗೋತಾರ ಅಂತ ಗೊತ್ತಿರ್ತದೇನು? ಪೈಪ್ ಅಣ್ಣನೂ ಅದನ್ನೇ ಹಾಕಿ, ಬಿಲ್ ಬುಕ್ ಟೆಂಪೊದಾಗ ಇಟ್ರ ಮುಗೀತು. ಹುಮನಾಬಾದ್‌ದಾಗ ಇಳಿಸು, ಅಲ್ಲೇ ಬಿಲ್ ಹರಿ, ಉಳಿದದ್ದು ಬೀದರ್‌ಗೆ.

ಗಂಜ್ ಟ್ಯಾಕ್ಸ್ ಕೆಲಸ
ಈ ಸಲ ನಿಮ್ಮ ಮಾತಿಗೆ ತೂಕ ಇದೆ. ನಿಯಮ 55ರಲ್ಲೇ ಹೇಳಿದೆ: ಮಾಲು ಮಾರಾಟಕ್ಕೇ ಹೊರಟಿದ್ದು, ಹೊರಡುವಾಗ ಇನ್‌ವಾಯ್ಸ್ ಮಾಡಲು ಆಗದಿದ್ದರೆ ಚಲಾನ್ ಮೇಲೆ ಒಯ್ದು, ಮುಟ್ಟಿಸಿದ ಮೇಲೆ ಇನ್‌ವಾಯ್ಸ್ ಕೊಡಬಹುದು. ದಾರಿಯುದ್ದಕ್ಕೂ ಮಾರೋರಿಗೆ ಅದು ಸರಿಯಾದ ದಾರಿ.

ಆದರೆ ಪೈಪ್ ಅಂಗಡಿಯವರ ಮಾಲು ನಿಜವಾಗಿ ಬ್ರಾಂಚಿಗೆ ಹೊರಟದ್ದು. ಯಾವಾಗಲೋ ಒಮ್ಮೆ ಫೋನ್ ಬರುತ್ತೆ ಅಂತ ಪ್ರತಿ ಲೋಡಿಗೂ ಅದನ್ನ ಹಾಕಿದರೆ, ಬ್ರಾಂಚ್ ಸ್ಟಾಕಿನ ಲೆಕ್ಕ ಮತ್ತು ಇ-ವೇ ಬಿಲ್ ಲೆಕ್ಕ ಎರಡು ಬೇರೆ ಕತೆ ಹೇಳುತ್ತವೆ. ವಾರಕ್ಕೊಮ್ಮೆ ಹುಮನಾಬಾದ್‌ನಲ್ಲಿ ಮಾರೋ ರೂಢಿ ಇದ್ದರೆ, ಬ್ರಾಂಚಿನ ಮಾಲಿಗೆ ಒಂದು ಚಲಾನ್, ದಾರಿ ಮಾರಾಟಕ್ಕೆ 50 ಲೆಂತ್ ಅಂತ ಬೇರೆ ಚಲಾನ್ ಮಾಡಿ `Line Sales` ಹಾಕಿ. ಮಾರದೆ ಉಳಿದದ್ದು ಅದೇ ಚಲಾನ್ ಮೇಲೆ ಬೀದರ್ ಅಂಗಡಿಗೆ ಇಳಿಯಲಿ, ಅಲ್ಲಿ ಜಮಾ ಬರೆಯಲಿ.

ಹುಮನಾಬಾದ್ ರಸ್ತೆ
ಹಾಂ, ಈಗ ದಾರಿಗೆ ಬಂದ್ರಿ. ಮತ್ತ ಅಲ್ಲಿ 61,950ದ ಬಿಲ್ ಹರಿದ ಮ್ಯಾಲ ಅದಕ್ಕ ಹೊಸಾ ಇ-ವೇ ಬಿಲ್ ಬೇಕಾ? ನಾ ಬ್ಯಾಡ ಅಂತೀನಿ.

ಯಾದಗಿರಿ ಅಕೌಂಟ್ಸ್ ಅಕ್ಕ
ನಾ ಬೇಕು ಅಂತೀನಿ. ಹೊಸಾ ಇನ್‌ವಾಯ್ಸ್, 50,000 ಮ್ಯಾಲ, ಜಿಎಸ್‌ಟಿ ಇದ್ದ ಗಿರಾಕಿ.

ಗಂಜ್ ಟ್ಯಾಕ್ಸ್ ಕೆಲಸ
ಇ-ವೇ ಬಿಲ್ ಇರೋದು ಸಾಗಾಟಕ್ಕೆ, ಬಿಲ್‌ಗಲ್ಲ. ಟೆಂಪೊ ನೇರ ಕಂಟ್ರಾಕ್ಟರ್ ಸೈಟಿಗೇ ಹೋಗಿ ಇಳಿಸಿದರೆ, ಇನ್‌ವಾಯ್ಸ್ ಆದ ಮೇಲೆ ಆ 50 ಲೆಂತ್ ಎಲ್ಲಿಗೂ ಸಾಗಲ್ಲ. ಹೆದ್ದಾರಿ ಬದಿಗೆ ಇಳಿಸಿ ಅಲ್ಲಿಂದ ಅವರು ತಮ್ಮ ಟ್ರ್ಯಾಕ್ಟರ್‌ನಲ್ಲಿ ಸೈಟಿಗೆ ಒಯ್ದರೆ ಅದು ಹೊಸ ಸಾಗಾಟ, ಅದಕ್ಕೆ ಬೇಕೇ ಬೇಕು. ಮೊದಲನೇದರಲ್ಲಿ ನನ್ನ ಅಭಿಪ್ರಾಯ ಬೇಡ ಅಂತ, ಆದರೆ ಬೇಕು ಅನ್ನೋ ಅಧಿಕಾರಿಗಳನ್ನೂ ನೋಡಿದ್ದೀನಿ.

ಯಾದಗಿರಿ ಅಕೌಂಟ್ಸ್ ಅಕ್ಕ
ವಾದ ಒಪ್ಪಬಹುದು, ರಸ್ತೆ ಮ್ಯಾಲ ವಾದ ಮಾಡ್ಕೋತ ನಿಲ್ಲೋದು ಡ್ರೈವರ್. ನನ್ನ ಮಾಲಕರಿಗೆ ನಾ ತೆಗೀರಿ ಅಂತಲೇ ಹೇಳ್ತೀನಿ. ಐದು ನಿಮಿಷದ ಕೆಲಸ.

ಇನ್ನೊಂದು ಮಾತು, ಇದು ಎಲ್ಲಾ ಬ್ರಾಂಚ್ ಇದ್ದವರಿಗೆ. ನಾ ಲೆಕ್ಕ ನೋಡೋ ಒಬ್ಬ ವ್ಯಾಪಾರಿಗೆ ಇಲಾಖೆಯಿಂದ ನೋಟಿಸ್ ಬಂತು: ನಿಮ್ಮ ಇ-ವೇ ಬಿಲ್‌ಗಳ ಒಟ್ಟು ಬೆಲೆ ರಿಟರ್ನ್‌ದಾಗ ತೋರಿಸಿದ ಮಾರಾಟಕ್ಕಿಂತ ಭಾಳ ಹೆಚ್ಚಿದೆ, ವ್ಯತ್ಯಾಸಕ್ಕ ಕಾರಣ ಹೇಳ್ರಿ ಅಂತ. ಹುಡುಕಿ ನೋಡಿದ್ರ, ಹಿಂದಿನ ಆಪರೇಟರ್ ಪ್ರತಿ ಬ್ರಾಂಚ್ ಲೋಡಿಗೂ `Supply`, `Tax Invoice` ಅಂತ ಆರಿಸ್ಯಾನ. ಕಳಿಸೋ ಕಡೆ ನಂಬರ್, ತಗೊಳ್ಳೋ ಕಡೆ `URP`. ಮಾಲು ಬ್ರಾಂಚಿಗೇ ಹೋಗ್ಯಾದ, ಆದ್ರ ಪೋರ್ಟಲ್ ಲೆಕ್ಕದಾಗ ಅದು ನಂಬರ್ ಇಲ್ಲದ ಗಿರಾಕಿಗೆ ಮಾರಾಟ. ಚಲಾನ್ ಪುಸ್ತಕ, ಬ್ರಾಂಚಿನ ಸ್ಟಾಕ್ ರಿಜಿಸ್ಟರ್, ಲಾರಿ ಬಿಲ್ಟಿ ಎಲ್ಲಾ ಒಂದೊಂದಾಗಿ ಕೂಡಿಸಿ ಉತ್ತರ ಕೊಡಬೇಕಾಯ್ತು.

ಸರಿಯಾದದ್ದು: `Outward`, ಅದರ ಕೆಳಗ `For Own Use`, ಇಲ್ಲಾ `Others` ಹಾಕಿ ಬ್ರಾಂಚ್ ಟ್ರಾನ್ಸ್‌ಫರ್ ಅಂತ ಬರೀರಿ. ಕಾಗದ `Delivery Challan`. ಎರಡೂ ಕಡೆ ನಿಮ್ಮದೇ ನಂಬರ್, ತಗೊಳ್ಳೋ ಕಡೆ ವಿಳಾಸ, ಪಿನ್ ಕೋಡ್ ಮಾತ್ರ ಬ್ರಾಂಚಿಂದು. ತಿಂಗಳ ಕೊನಿಗೆ ಪೋರ್ಟಲ್‌ನಿಂದ ಇ-ವೇ ಬಿಲ್ ಪಟ್ಟಿ ಇಳಿಸಿ, ಚಲಾನ್ ಪುಸ್ತಕದ ಪಕ್ಕ ಇಟ್ಟು ಟಿಕ್ ಹಾಕ್ರಿ. ತಪ್ಪಿದ್ದು ಆವಾಗೇ ಕಾಣ್ತದ. ಎರಡು ವರ್ಷದ ಮ್ಯಾಲ ನೋಟಿಸ್ ಬಂದಾಗ ಬಿಲ್ಟಿ ಸಿಗಂಗಿಲ್ಲ.

ಪೈಪ್ ಅಂಗಡಿ ಕಲಬುರಗಿ
ಅಕ್ಕಾ ಇದು ಭಾಳ ಉಪಯೋಗ ಆಯ್ತು. ನಾವು `Others` ಹಾಕ್ತೀವಿ, ಪಟ್ಟಿ ಮಾತ್ರ ಎಂದೂ ತೆಗದಿಲ್ಲ. ಚಲಾನ್‌ದಾಗ ಬೆಲಿ ಖರೀದಿ ದರ ಹಾಕ್ಬೇಕೋ ಮಾರೋ ದರವೋ?

ಯಾದಗಿರಿ ಅಕೌಂಟ್ಸ್ ಅಕ್ಕ
ತೆರಿಗೆ ಇಲ್ಲದ ಬ್ರಾಂಚ್ ಮಾಲಿಗೆ ನಾವು ಖರೀದಿ ದರ ಹಾಕ್ತೀವಿ. ಒಂದು ಸಲ ಇದು, ಇನ್ನೊಂದು ಸಲ ಅದು ಮಾಡಬ್ಯಾಡ್ರಿ, ಅಷ್ಟೇ. ಮನಸ್ಸಿಗೆ ಬಂದಂಗ 100 ರೂಪಾಯಿ ಬರದು ಕಳಿಸಿದ್ರ ತಪಾಸಣ್ಯಾಗ ಅದೇ ಮೊದಲ ಪ್ರಶ್ನೆ ಆಗ್ತದ.

ಬಿದರಿ ಕುಶಲಕರ್ಮಿ ಮನೆ
ನಡುವೆ ಕೇಳ್ತೀನಿ, ಕ್ಷಮಿಸಿ. ನಮಗೆ ಜಿಎಸ್‌ಟಿ ನಂಬರ್ ಇಲ್ಲ. ಬಿದರಿ ಸಾಮಾನು ಹೈದರಾಬಾದ್ ಮೇಳಕ್ಕೆ ಒಯ್ತೀವಿ, ಬೆಲೆ 30,000 ಒಳಗೇ. ನಮಗೂ ಏನಾದರೂ ಬೇಕಾ?

ಗಂಜ್ ಟ್ಯಾಕ್ಸ್ ಕೆಲಸ
ಒಳ್ಳೇದಾಯ್ತು ಕೇಳಿದ್ದು. ನೋಂದಣಿಯಿಂದ ವಿನಾಯಿತಿ ಪಡೆದ ಕುಶಲಕರ್ಮಿಗಳು ಕರಕುಶಲ ವಸ್ತುಗಳನ್ನ ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ಯುವಾಗ ಬೆಲೆ ಎಷ್ಟೇ ಇದ್ದರೂ ಇ-ವೇ ಬಿಲ್ ಬೇಕು, 50,000 ಮಿತಿ ನಿಮಗೆ ಅನ್ವಯಿಸಲ್ಲ. ಪೋರ್ಟಲ್‌ನಲ್ಲಿ ನಾಗರಿಕರಿಗೆ ಅಂತ ಬೇರೆ ದಾರಿ ಇದೆ, ಮೊಬೈಲ್ ನಂಬರ್ ಮೇಲೆ ತೆಗೆಯಬಹುದು. ಮೇಳಕ್ಕೆ ಅಂತ `Exhibition or Fairs` ಆರಿಸಿ. ಸಾಮಾನಿನ ಪಟ್ಟಿ, ಒಂದೊಂದರ ಬೆಲೆ ಬರೆದು ಜೊತೆಗೆ ಇಟ್ಟುಕೊಳ್ಳಿ. ಮಾರದೆ ಉಳಿದದ್ದು ವಾಪಸ್ ತರುವಾಗ ಮತ್ತೊಂದು ತೆಗೆಯಬೇಕು.

ಬಿದರಿ ಕುಶಲಕರ್ಮಿ ಮನೆ
ಇಷ್ಟು ದಿನ ಯಾರೂ ಹೇಳಿರಲಿಲ್ಲ. ಧನ್ಯವಾದ ಸರ್.

ಟೆಂಪೊ ಬೀದರ್ ಲೈನ್
ನಾ ಇದೇ ಲೈನ್‌ದಾಗ ಗಾಡಿ ಓಡಸ್ತೀನಿ. ಅಂಗಡಿಯವರಿಗೆ ಒಂದು ಮಾತು. ಚಲಾನ್ ಮೂರು ಪ್ರತಿ ಮಾಡ್ಬೇಕು, ಎರಡನೇದು ನಮ್ಮ ಗಾಡಿದು. ಭಾಳ ಮಂದಿ ವಾಟ್ಸ್ಆ್ಯಪ್‌ದಾಗ ಫೋಟೊ ಕಳಿಸಿ ಹೋಗು ಅಂತಾರ. ನಿಲ್ಲಿಸಿದಾಗ ಮೊಬೈಲ್‌ದಾಗ ಚಾರ್ಜ್ ಇಲ್ಲ ಅಂದ್ರ ಯಾರು ಕೇಳ್ತಾರ?

ಎರಡನೇದು, ಗಾಡಿ ಬದಲಾದ್ರ ನಮಗ ಹೇಳಿ ಸುಮ್ನ ಕೂಡಬ್ಯಾಡ್ರಿ. ಒಂದ್ಸಲ ಹುಮನಾಬಾದ್ ಹತ್ರ ಎಕ್ಸೆಲ್ ಹೋಯ್ತು, ಬ್ಯಾರೆ ಗಾಡಿಗೆ ಮಾಲು ಹಾಕಿದ್ವಿ, ಮಾಲಕ್ರು ಹೊಸಾ ನಂಬರ್ ಹಾಕೋತನಕ ನಾವು ಅಲ್ಲೇ ನಿಂತ್ವಿ. ಹಾಕದೇ ಹೋಗಿದ್ರ ಎರಡನೇ ಗಾಡಿಯವನ ಗತಿ?

ಪೈಪ್ ಅಂಗಡಿ ಕಲಬುರಗಿ
ಅಷ್ಟೊತ್ತಿಗೆ ಅವಧಿ ಮುಗೀತದಲ್ಲ ಅಣ್ಣಾ?

ಗಂಜ್ ಟ್ಯಾಕ್ಸ್ ಕೆಲಸ
ಈ ದೂರಕ್ಕೆ ಮುಗಿಯಲ್ಲ. 200 ಕಿಮೀಗೆ ಒಂದು ದಿನ, ಕಲಬುರಗಿ–ಬೀದರ್ ಅದರೊಳಗೇ ಇದೆ. ಆ ಒಂದು ದಿನ ಮುಗಿಯೋದು ಪಾರ್ಟ್-ಬಿ ತುಂಬಿದ ಮರುದಿನದ ಮಧ್ಯರಾತ್ರಿಗೆ. 10ನೇ ತಾರೀಖು ಸಂಜೆ 6ಕ್ಕೆ ತುಂಬಿದರೆ 11ರ ರಾತ್ರಿ 12ರವರೆಗೆ ನಡೆಯುತ್ತೆ. ಅಷ್ಟರಲ್ಲೂ ತಲುಪದಿದ್ದರೆ, ಮುಗಿಯೋಕೆ 8 ತಾಸು ಮೊದಲಿನಿಂದ, ಮುಗಿದ 8 ತಾಸಿನವರೆಗೆ ಕಾರಣ ಕೊಟ್ಟು ಮುಂದುವರಿಸಬಹುದು. ಹೊಸದು ತೆಗೆಯೋದು ಬೇಡ.

ಹುಮನಾಬಾದ್ ರಸ್ತೆ
ಗಾಡಿ ನಂಬರ್‌ದಾಗ ಒಂದು ಅಂಕಿ ತಪ್ಪಿದ್ರೂ 200% ಅಂತ ಹೆದರಸ್ತಾರಲ್ಲ, ಅದು ಖರೇನಾ?

ಗಂಜ್ ಟ್ಯಾಕ್ಸ್ ಕೆಲಸ
ಅಲ್ಲ. 2018ರ ಸೆಪ್ಟೆಂಬರ್‌ನ ಸುತ್ತೋಲೆ 64 ಇದೆ. ಗಾಡಿ ನಂಬರ್‌ನಲ್ಲಿ ಒಂದೆರಡು ಅಂಕಿ ತಪ್ಪು, ಹೆಸರಿನ ಅಕ್ಷರ ತಪ್ಪು, ಕಾಗದದ ನಂಬರ್‌ನಲ್ಲಿ ಒಂದೆರಡು ಅಂಕಿ ತಪ್ಪು ಇಂಥವಕ್ಕೆ ಕೇಂದ್ರ 500, ರಾಜ್ಯ 500, ಒಟ್ಟು 1,000 ರೂಪಾಯಿ. ಆದರೆ ಮಾಲಿನ ಜೊತೆ ಇನ್‌ವಾಯ್ಸ್ ಅಥವಾ ಚಲಾನ್, ಮತ್ತು ಇ-ವೇ ಬಿಲ್ ಎರಡೂ ಇರಬೇಕು, ಆಗ ಮಾತ್ರ. ಸುತ್ತೋಲೆಯ ಪ್ರತಿ ಗಾಡಿಯಲ್ಲೇ ಇಟ್ಟಿರಿ.

ಪೈಪ್ ಅಂಗಡಿ ಕಲಬುರಗಿ
ಅಣ್ಣನ ಜೋಡಿ ಕೂತು ಮಾತಾಡಿದ್ವಿ. ಸೋಮವಾರದ ಲೋಡು ಎರಡು ಚಲಾನ್ ಮ್ಯಾಲ ಬಿಡ್ತೀವಿ: ಬೀದರ್ ಬ್ರಾಂಚಿಗೆ ಒಂದು, ದಾರಿ ಮಾರಾಟಕ್ಕ 50 ಲೆಂತ್‌ದು ಇನ್ನೊಂದು. ಕಂಟ್ರಾಕ್ಟರ್‌ಗೂ ಹೇಳೇವಿ, ಟೆಂಪೊ ಸೈಟಿಗೇ ಬರ್ತದ, ರಸ್ತಿ ಬದಿಗೆ ಇಳಸಂಗಿಲ್ಲ ಅಂತ. ಇನ್‌ವಾಯ್ಸ್ ನಾ ಕಲಬುರಗಿಯಿಂದ ಮಾಡಿ ಕಳಸ್ತೀನಿ.

ಯಾದಗಿರಿ ಅಕೌಂಟ್ಸ್ ಅಕ್ಕ
ಇಳಿಸೋ ಮೊದಲು ಕಳಿಸ್ರಿ, ಇಳಿಸಿದ ಮ್ಯಾಲ ಅಲ್ಲ. ಅದಕ್ಕ ಇ-ವೇ ಬಿಲ್ಲೂ ತೆಗೀರಿ, ನಾ ಬಿಡಂಗಿಲ್ಲ.

ಟೆಂಪೊ ಬೀದರ್ ಲೈನ್
ಪ್ರಿಂಟ್ ಯಾರ್ ತಂದು ಕೊಡ್ತಾರ್ರಿ ಹುಮನಾಬಾದ್‌ದಾಗ?

ಹುಮನಾಬಾದ್ ರಸ್ತೆ
ನನ್ನ ಅಂಗಡಿ ಬಸ್ ಸ್ಟ್ಯಾಂಡ್ ಹತ್ರ ಅದ, ಜೆರಾಕ್ಸ್ ಮಶೀನ್ ಅದ. ಫೈಲ್ ಕಳಿಸ್ರಿ, ತೆಗದಿಡ್ತೀನಿ. ಇ-ವೇ ಬಿಲ್ ಬ್ಯಾಡ ಅನ್ನೋದು ಈಗಲೂ ನನ್ನ ಮಾತು.